ಸೃಷ್ಟಿಕಥೆಗಳನ್ನು ಅರ್ಥಕ್ಕಾಗಿ ಓದೋಣ: ಪಠ್ಯ ಮತ್ತು ಅಭ್ಯಾಸ ಹಾಳೆ

ಪ್ರಥಮ ಪಿಯುಸಿ, ಕಲಾ ಮತ್ತು ವಿಜ್ಞಾನ ವಿಭಾಗಗಳ ಜಂಟಿ ತರಗತಿ. ನಾಲ್ಕು ಪೀರಿಯಡ್‌ಗಳ ಕೆಲಸ. ಪಠ್ಯವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದ ಮೇಲೆ, ಆಯಾ ಭಾಗದ ಕೆಳಗಿರುವ ಅಭ್ಯಾಸಗಳನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಸ್ವಂತ ನಂಬಿಕೆಯನ್ನು ಹೇಳಲೇಬೇಕೆಂದು ಯಾರನ್ನೂ ಒತ್ತಾಯಿಸುವುದಿಲ್ಲ. ಮತ್ತೊಬ್ಬರ ನಂಬಿಕೆಯ ಬಗ್ಗೆ ಮಾತನಾಡುವಾಗ ಅವರು ಎದುರಿಗೇ ಕುಳಿತಿದ್ದಾರೆಂದು ಭಾವಿಸಿ ಮಾತನಾಡಿ.

ಓದುವ ಮೊದಲು

ವಿಶ್ವದ ವಯಸ್ಸು ಸುಮಾರು 1380 ಕೋಟಿ ವರ್ಷ, ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ ಎಂದು ಭೌತಶಾಸ್ತ್ರದ ತರಗತಿಯಲ್ಲಿ ಕಲಿಯುತ್ತೀರಿ. ಅಳತೆ, ಲೆಕ್ಕ ಮತ್ತು ಪುನಃಪರೀಕ್ಷೆಗಳಿಂದ ದೊರೆತ ಈ ಉತ್ತರಗಳನ್ನು ಯಾವ ಪುರಾಣದಿಂದಲೂ ತಿದ್ದಬೇಕಾದ ಅಗತ್ಯವಿಲ್ಲ. ಹಾಗೆಯೇ, ಪುರಾಣದೊಳಗೆ ಈ ಅಂಕಿಗಳು ಮೊದಲೇ ಅಡಗಿದ್ದವೆಂದು ಹುಡುಕಿ ತೋರಿಸುವುದರಿಂದ ಪುರಾಣದ ಗೌರವ ಹೆಚ್ಚುವುದೂ ಇಲ್ಲ. ವಿಶ್ವವು ಅತ್ಯಂತ ಸಾಂದ್ರವಾದ ಒಂದು ಸ್ಥಿತಿಯಿಂದ ವಿಸ್ತರಿಸುತ್ತ ಬಂದಿದೆ ಎಂಬ ವಿಚಾರವನ್ನು 1931ರಲ್ಲಿ ಮಂಡಿಸಿದ ಬೆಲ್ಜಿಯಂನ ಜಾರ್ಜ್ ಲೆಮೆತ್ರ್ ಸ್ವತಃ ಕ್ಯಾಥೊಲಿಕ್ ಪಾದ್ರಿಯಾಗಿದ್ದರು. 1951ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ಈ ಸಿದ್ಧಾಂತವನ್ನು ಬೈಬಲ್ಲಿನ ಸೃಷ್ಟಿಯೊಂದಿಗೆ ಜೋಡಿಸಿ ಮಾತನಾಡಿದಾಗ ಅದನ್ನು ಮೆಚ್ಚದವರಲ್ಲಿ ಅವರೂ ಒಬ್ಬರು. ಎರಡನ್ನೂ ಆಳವಾಗಿ ಬಲ್ಲ ಒಬ್ಬ ವ್ಯಕ್ತಿ ಎರಡನ್ನೂ ಬೆರೆಸಲು ಒಪ್ಪಲಿಲ್ಲ ಎಂಬುದು ನಮಗೆ ಮುಖ್ಯ.

ಆದ್ದರಿಂದ ಈ ಪಾಠದಲ್ಲಿ ಪ್ರತಿಯೊಂದು ಕಥೆಗೂ ಎರಡು ಪ್ರಶ್ನೆಗಳನ್ನು ಕೇಳುತ್ತೇವೆ. ಮನುಷ್ಯ ಇಲ್ಲಿಗೆ ಏತಕ್ಕಾಗಿ ಬಂದನೆಂದು ಈ ಕಥೆ ಹೇಳುತ್ತದೆ? ಹಾಗೆ ಹೇಳುವುದರಿಂದ ಯಾರ ಬಾಳು ಹಗುರವಾಗುತ್ತದೆ, ಯಾರ ಬಾಳು ಭಾರವಾಗುತ್ತದೆ? ಎರಡನೆಯ ಪ್ರಶ್ನೆಯನ್ನು ಬಿಡಬೇಡಿ. ‘ಇದು ವಿಜ್ಞಾನವಲ್ಲ, ಅರ್ಥ ಹೇಳುವ ಕಥೆ’ ಎಂದಾಕ್ಷಣ ಆ ಕಥೆ ವಿಚಾರಣೆಯಿಂದ ಪಾರಾಗುವುದಿಲ್ಲ. ಅರ್ಥವನ್ನೂ ಒರೆಗೆ ಹಚ್ಚಬೇಕಾಗುತ್ತದೆ.

1. ಬ್ಯಾಬಿಲೋನ್ ಮತ್ತು ಜೆನೆಸಿಸ್: ವಿಶ್ರಾಂತಿ ಯಾರಿಗೆ?

‘ಎನೂಮ ಎಲಿಶ್’ ಎಂಬ ಬ್ಯಾಬಿಲೋನಿನ ಕಾವ್ಯ ಏಳು ಜೇಡಿಮಣ್ಣಿನ ಫಲಕಗಳಲ್ಲಿ ಬರೆಯಲ್ಪಟ್ಟಿತ್ತು. ಮೊದಲಿಗೆ ಸಿಹಿನೀರಿನ ಅಪ್ಸು ಮತ್ತು ಉಪ್ಪುನೀರಿನ ತಿಯಾಮತ್ ಒಂದರೊಳಗೊಂದು ಬೆರೆತಿರುತ್ತಾರೆ. ಅವರಿಂದ ಹುಟ್ಟಿದ ಕಿರಿಯ ದೇವತೆಗಳ ಗದ್ದಲದಿಂದ ಜಗಳ ಆರಂಭವಾಗಿ, ಕೊನೆಗೆ ಬ್ಯಾಬಿಲೋನಿನ ನಗರದೇವತೆಯಾದ ಮರ್ದುಕನು ತಿಯಾಮತಳನ್ನು ಕೊಂದು, ಒಣಮೀನನ್ನು ಸೀಳುವಂತೆ ಆಕೆಯ ದೇಹವನ್ನು ಎರಡಾಗಿ ಸೀಳಿ, ಒಂದು ಭಾಗವನ್ನು ಆಕಾಶವಾಗಿ ಎತ್ತಿ ನಿಲ್ಲಿಸುತ್ತಾನೆ. ಆಕೆಯ ಕಣ್ಣುಗಳಿಂದ ಟೈಗ್ರಿಸ್ ಮತ್ತು ಯೂಫ್ರೆಟಿಸ್ ನದಿಗಳು ಹರಿಯುತ್ತವೆ. ಬಳಿಕ ಸೋತ ಪಕ್ಷದ ಕಿಂಗುವಿನ ರಕ್ತದಿಂದ ಮನುಷ್ಯನನ್ನು ಮಾಡಲಾಗುತ್ತದೆ. ಕಾರಣವನ್ನು ಕಾವ್ಯ ಮುಚ್ಚಿಡುವುದಿಲ್ಲ: ದೇವತೆಗಳ ದುಡಿಮೆಯನ್ನು ಮನುಷ್ಯ ಹೊರಬೇಕು, ದೇವತೆಗಳು ವಿಶ್ರಮಿಸಬೇಕು. ಈ ಕಾವ್ಯವನ್ನು ಹೊಸವರ್ಷದ ಅಕೀತು ಹಬ್ಬದಲ್ಲಿ ಮರ್ದುಕನ ಎದುರು ಪಠಿಸುತ್ತಿದ್ದರು. ಲೋಕದ ವ್ಯವಸ್ಥೆ, ನಗರದ ವ್ಯವಸ್ಥೆ, ಅರಸನ ಅಧಿಕಾರ ಮೂರೂ ಒಂದೇ ಎಳೆಯಲ್ಲಿ ಪೋಣಿಸಲ್ಪಟ್ಟಿದ್ದವು.

ಬೈಬಲ್ಲಿನ ಜೆನೆಸಿಸ್‌ನ ಮೊದಲ ಅಧ್ಯಾಯವನ್ನು ಇದರ ಪಕ್ಕದಲ್ಲಿಟ್ಟು ಓದಿ. ಕ್ರಿ.ಪೂ. ಆರನೆಯ ಶತಮಾನದಲ್ಲಿ ಜೆರುಸಲೇಮ್ ಬ್ಯಾಬಿಲೋನಿನ ಸೈನ್ಯಕ್ಕೆ ಬಿದ್ದು, ಯೆಹೂದಿ ಜನರಲ್ಲಿ ಅನೇಕರು ಸೆರೆಯಾಳುಗಳಾಗಿ ಅಲ್ಲಿಗೇ ಒಯ್ಯಲ್ಪಟ್ಟರು. ಈ ಅಧ್ಯಾಯ ಈಗಿನ ರೂಪ ಪಡೆದದ್ದು ಆ ಕಾಲದಲ್ಲಿ ಅಥವಾ ಅದರ ಆಸುಪಾಸಿನಲ್ಲಿ ಎಂದು ಅನೇಕ ವಿದ್ವಾಂಸರು ಭಾವಿಸುತ್ತಾರೆ. ಇಲ್ಲಿ ಯುದ್ಧವಿಲ್ಲ, ಮಾತಿನಿಂದ ಬೆಳಕಾಗುತ್ತದೆ. ಬೆಳಕು ಮೊದಲ ದಿನ ಬಂದರೆ ಸೂರ್ಯಚಂದ್ರರು ಬರುವುದು ನಾಲ್ಕನೆಯ ದಿನ. ವಿಜ್ಞಾನವೆಂದು ಓದುವವರಿಗೆ ಇದು ತೊಡಕು. ಅರ್ಥಕ್ಕಾಗಿ ಓದುವವರು ಬೇರೊಂದನ್ನು ಗಮನಿಸುತ್ತಾರೆ: ಬ್ಯಾಬಿಲೋನಿನಲ್ಲಿ ದೇವತೆಗಳಾಗಿ ಪೂಜೆಗೊಳ್ಳುತ್ತಿದ್ದ ಸೂರ್ಯಚಂದ್ರರನ್ನು ಈ ಪಠ್ಯ ಹೆಸರಿಟ್ಟು ಕರೆಯುವುದೇ ಇಲ್ಲ, ‘ದೊಡ್ಡ ಬೆಳಕು’, ‘ಚಿಕ್ಕ ಬೆಳಕು’ ಎಂದಷ್ಟೇ ಹೇಳಿ ಮುಂದೆ ಸಾಗುತ್ತದೆ. ದೇವರ ಪ್ರತಿರೂಪವಾಗಿರುವವನು ಅರಸನೊಬ್ಬನೇ ಅಲ್ಲ, ಗಂಡೂ ಹೆಣ್ಣೂ ಸೇರಿ ಇಡೀ ಮನುಕುಲ. ಏಳನೆಯ ದಿನದ ವಿಶ್ರಾಂತಿಯಂತೂ ಇಡೀ ಕಥೆಯ ಶಿಖರವೆಂದು ನನಗನ್ನಿಸುತ್ತದೆ, ಏಕೆಂದರೆ ಮುಂದೆ ಎಕ್ಸೋಡಸ್‌ನ ಇಪ್ಪತ್ತನೆಯ ಅಧ್ಯಾಯದಲ್ಲಿ ಇದೇ ಏಳನೆಯ ದಿನವನ್ನು ನೆನಪಿಸಿ, ಅಂದು ಮನೆಯ ಆಳಿಗೂ ದಾಸಿಗೂ ದನಕರುಗಳಿಗೂ ಊರಿಗೆ ಬಂದ ಪರದೇಶಿಗೂ ಕೆಲಸವಿರಬಾರದೆಂದು ಆಜ್ಞಾಪಿಸಲಾಗಿದೆ.

ಅಭ್ಯಾಸ 1. ‘ದೇವರು ವಿಶ್ರಮಿಸಲೆಂದು ಮನುಷ್ಯ ದುಡಿಯಬೇಕು’ ಮತ್ತು ‘ದೇವರು ವಿಶ್ರಮಿಸಿದ್ದರಿಂದ ಆಳೂ ವಿಶ್ರಮಿಸಬೇಕು’ ಎಂಬ ಎರಡು ಮಾತುಗಳನ್ನು ಹೋಲಿಸಿ ಹತ್ತು ವಾಕ್ಯಗಳಲ್ಲಿ ಬರೆಯಿರಿ. ನಿಮ್ಮ ಓಣಿಯಲ್ಲಿ ವಾರದ ರಜೆಯೇ ಇಲ್ಲದೆ ದುಡಿಯುವವರು ಯಾರು? ಅವರಲ್ಲಿ ಒಬ್ಬರ ಕೆಲಸದ ದಿನವನ್ನು ಉದಾಹರಣೆಯಾಗಿ ಬಳಸಿಕೊಳ್ಳಿ. ಅವರ ಹೆಸರು ಬರೆಯಬೇಡಿ.

ಅಭ್ಯಾಸ 2. ಜೆನೆಸಿಸ್‌ನ ಎರಡನೆಯ ಅಧ್ಯಾಯದಲ್ಲಿ ಬೇರೊಂದು ಕ್ರಮದ ಸೃಷ್ಟಿಕಥೆಯಿದೆ. ಅಲ್ಲಿ ಮನುಷ್ಯನನ್ನು ಮೊದಲು ಮಣ್ಣಿನಿಂದ ಮಾಡಿ, ಆಮೇಲೆ ತೋಟವನ್ನೂ ಪ್ರಾಣಿಗಳನ್ನೂ ಮಾಡಲಾಗುತ್ತದೆ. ಎರಡೂ ಕಥೆಗಳನ್ನು ಸಂಪಾದಕರು ಪಕ್ಕಪಕ್ಕದಲ್ಲೇ ಏಕೆ ಉಳಿಸಿಕೊಂಡಿರಬಹುದು? ಎರಡು ಕಾರಣಗಳನ್ನು ಊಹಿಸಿ.

2. ಪೊಪೊಲ್ ವುಹ್: ಬೀಸುವ ಕಲ್ಲಿನ ಸಿಟ್ಟು

ಗ್ವಾಟೆಮಾಲದ ಕಿಚೆ ಮಾಯಾ ಜನರ ಈ ಗ್ರಂಥವನ್ನು ಸ್ಪ್ಯಾನಿಷರ ಆಕ್ರಮಣದ ನಂತರ, ಹದಿನಾರನೆಯ ಶತಮಾನದಲ್ಲಿ, ಅವರದೇ ಭಾಷೆಯಲ್ಲಿ ಲ್ಯಾಟಿನ್ ಲಿಪಿಯಲ್ಲಿ ಬರೆದಿಡಲಾಯಿತು. ಇಲ್ಲಿ ಸೃಷ್ಟಿಕರ್ತರು ಒಮ್ಮೆಗೇ ಗೆಲ್ಲುವುದಿಲ್ಲ. ಮಣ್ಣಿನ ಮನುಷ್ಯ ನೀರಿನಲ್ಲಿ ಕರಗಿಹೋಗುತ್ತಾನೆ. ಮರದ ಮನುಷ್ಯರು ನಡೆಯುತ್ತಾರೆ, ಮಾತನಾಡುತ್ತಾರೆ, ಮಕ್ಕಳನ್ನೂ ಹೆರುತ್ತಾರೆ. ಆದರೆ ಅವರಿಗೆ ಹೃದಯವಿಲ್ಲ, ತಮ್ಮನ್ನು ಮಾಡಿದವರ ನೆನಪೂ ಇಲ್ಲ. ಅವರ ನಾಶದ ಪ್ರಸಂಗವನ್ನು ನಿಧಾನವಾಗಿ ಓದಬೇಕು. ಪ್ರಳಯ ಬಂದಾಗ ಮನೆಯ ಪಾತ್ರೆಗಳು, ರೊಟ್ಟಿಯ ಹಂಚುಗಳು, ಬೀಸುವ ಕಲ್ಲುಗಳು, ನಾಯಿಗಳು ಎಲ್ಲವೂ ಯಜಮಾನರ ಮೇಲೆ ತಿರುಗಿ ಬೀಳುತ್ತವೆ. ದಿನಾ ಬೆಳಗಾದರೆ ನಮ್ಮ ಮುಖ ಸವೆಸುತ್ತಿದ್ದಿರಿ, ಈಗ ನಿಮ್ಮನ್ನು ಅರೆಯುತ್ತೇವೆ ಎನ್ನುತ್ತವೆ ಕಲ್ಲುಗಳು. ಹೊಟ್ಟೆಗೆ ಹಾಕದೆ ಕೋಲು ಹಿಡಿದು ನಿಂತಿದ್ದಿರಿ ಎನ್ನುತ್ತವೆ ನಾಯಿಗಳು. ಉರಿಯುವ ಒಲೆಯ ಮೇಲೆ ನಮ್ಮನ್ನು ಸುಟ್ಟಿರಿ ಎನ್ನುತ್ತವೆ ಮಡಕೆಗಳು. ಬದುಕುಳಿದವರ ಸಂತತಿಯೇ ಕಾಡಿನ ಕೋತಿಗಳು.

ಕೊನೆಗೆ ಹಳದಿ ಮತ್ತು ಬಿಳಿ ಮೆಕ್ಕೆಜೋಳದ ಹಿಟ್ಟಿನಿಂದ ನಿಜವಾದ ಮನುಷ್ಯರು ರೂಪುಗೊಳ್ಳುತ್ತಾರೆ. ತಾವು ಬೆಳೆದು ತಿನ್ನುವ ಧಾನ್ಯದಿಂದಲೇ ತಮ್ಮ ಮೈ ಆಗಿದೆ ಎಂದು ನಂಬಿದ ಜನಕ್ಕೆ ಹೊಲವೆಂಬುದು ಬರಿಯ ಆಸ್ತಿಯಾಗಿರಲು ಸಾಧ್ಯವಿಲ್ಲ. ಆ ಮೊದಲ ನಾಲ್ವರು ಎಷ್ಟು ಪರಿಪೂರ್ಣರಾಗಿದ್ದರೆಂದರೆ ಕುಳಿತಲ್ಲಿಂದಲೇ ಲೋಕವೆಲ್ಲ ಅವರಿಗೆ ಕಾಣುತ್ತಿತ್ತು. ಆಗ ದೇವರುಗಳು, ಕನ್ನಡಿಯ ಮೇಲೆ ಉಸಿರು ಬಿಟ್ಟಂತೆ, ಅವರ ಕಣ್ಣುಗಳನ್ನು ಮಂಜುಗೊಳಿಸಿ ಹತ್ತಿರದ್ದು ಮಾತ್ರ ಕಾಣುವಂತೆ ಮಾಡಿದರು.

ಅಭ್ಯಾಸ 3. ನಿಮ್ಮ ಮನೆಯ ಒಂದು ವಸ್ತು ಅಥವಾ ಸಾಕುಪ್ರಾಣಿ ಮಾತನಾಡಿದರೆ ಏನು ದೂರು ಹೇಳಬಹುದು? ಒಂದು ಪುಟದ ಸ್ವಗತ ಬರೆಯಿರಿ. ಆಯುಧಪೂಜೆಯ ದಿನ ಉಪಕರಣಗಳಿಗೆ ತೋರುವ ಗೌರವಕ್ಕೂ ಮಾಯಾ ಕಥೆಯ ಎಚ್ಚರಿಕೆಗೂ ಇರುವ ಸಾಮ್ಯ ಮತ್ತು ವ್ಯತ್ಯಾಸವನ್ನು ಕೊನೆಯಲ್ಲಿ ಮೂರು ವಾಕ್ಯಗಳಲ್ಲಿ ಸೇರಿಸಿ.

ಅಭ್ಯಾಸ 4 (ಚರ್ಚೆ, ನಾಲ್ವರ ಗುಂಪು). ಕಣ್ಣು ಮಂಜಾದದ್ದು ಶಿಕ್ಷೆಯೋ, ಮನುಷ್ಯರಾಗಿ ಬಾಳಲು ಬೇಕಾದ ಮಿತಿಯೋ? ಗುಂಪಿನಲ್ಲಿ ಒಮ್ಮತ ಮೂಡದಿದ್ದರೆ ಭಿನ್ನಾಭಿಪ್ರಾಯವನ್ನೇ ವರದಿ ಮಾಡಿ.

3. ಋಗ್ವೇದದ ಎರಡು ಸೂಕ್ತಗಳು

ಹತ್ತನೆಯ ಮಂಡಲದ 129ನೆಯ ಸೂಕ್ತವನ್ನು ನಾಸದೀಯವೆನ್ನುತ್ತಾರೆ. ಏಳೇ ಋಕ್ಕುಗಳು. ಆಗ ಅಸತ್ತೂ ಇರಲಿಲ್ಲ, ಸತ್ತೂ ಇರಲಿಲ್ಲ. ಸಾವಿರಲಿಲ್ಲ, ಸಾವಿಲ್ಲದ್ದೂ ಇರಲಿಲ್ಲ. ಕತ್ತಲೆಯನ್ನು ಕತ್ತಲೆ ಮುಚ್ಚಿತ್ತು. ಮನಸ್ಸಿನ ಮೊದಲ ಬೀಜವಾದ ಕಾಮ ಅಲ್ಲಿ ಮೊಳೆಯಿತು ಎಂದು ಒಂದು ಹೆಜ್ಜೆ ಮುಂದಿಟ್ಟ ಕವಿ ಮತ್ತೆ ನಿಲ್ಲುತ್ತಾನೆ: ನಿಜವಾಗಿ ಬಲ್ಲವರು ಯಾರು? ದೇವತೆಗಳೂ ಸೃಷ್ಟಿಯ ಈಚೆಗೆ ಬಂದವರೇ. ಪರಮ ವ್ಯೋಮದಲ್ಲಿ ಕುಳಿತು ಇದನ್ನೆಲ್ಲ ನೋಡುತ್ತಿರುವ ಅಧ್ಯಕ್ಷನು ಬಲ್ಲನು. ಅಥವಾ ಅವನೂ ಅರಿಯನು. ಪೂಜೆಯ ಗ್ರಂಥವೊಂದು ಇಂಥ ಸಂದೇಹವನ್ನು ತನ್ನೊಳಗೆ ಕಾಪಾಡಿಕೊಂಡು ಬಂದಿರುವುದು ಅಸಾಮಾನ್ಯ ಸಂಗತಿ.

ಅದೇ ಮಂಡಲದ 90ನೆಯ ಸೂಕ್ತವಾದ ಪುರುಷಸೂಕ್ತದಲ್ಲಿ ಸಂದೇಹವಿಲ್ಲ. ವಿರಾಟ್ ಪುರುಷನನ್ನು ದೇವತೆಗಳು ಯಜ್ಞದಲ್ಲಿ ಅರ್ಪಿಸಿದಾಗ ಅವನ ಮನಸ್ಸಿನಿಂದ ಚಂದ್ರ, ಕಣ್ಣಿನಿಂದ ಸೂರ್ಯ, ಉಸಿರಿನಿಂದ ವಾಯು ಹುಟ್ಟುತ್ತಾರೆ. ಲೋಕವೂ ಮನುಷ್ಯನೂ ಒಂದೇ ದೇಹವೆಂಬ ಈ ಭಾವನೆ ದೊಡ್ಡದು. ಆದರೆ ಅದೇ ದೇಹದ ಬಾಯಿ ಬ್ರಾಹ್ಮಣ, ತೋಳು ಕ್ಷತ್ರಿಯ, ತೊಡೆ ವೈಶ್ಯ, ಪಾದದಿಂದ ಶೂದ್ರ ಎಂಬ ಋಕ್ಕನ್ನು ಜಾತಿಯ ಮೇಲುಕೀಳಿಗೆ ಪ್ರಮಾಣವಾಗಿ ಶತಮಾನಗಳ ಕಾಲ ಬಳಸಲಾಗಿದೆ. ಶೂದ್ರರ ಮೂಲವನ್ನು ಕುರಿತು 1946ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬಿ.ಆರ್. ಅಂಬೇಡ್ಕರ್ ಈ ಸೂಕ್ತವನ್ನು ಆರಂಭದಲ್ಲೇ ಕಟುವಾದ ಪರೀಕ್ಷೆಗೆ ಒಳಪಡಿಸಿದರು. ಅದು ಕೇವಲ ರೂಪಕ ಎಂದು ಹೇಳಿ ಇದನ್ನು ದಾಟಿಹೋಗುವುದು ನ್ಯಾಯವಲ್ಲ. ರೂಪಕದ ಭಾರವನ್ನು ಹೊತ್ತವರು ನಿಜವಾದ ಜನರು.

ಅಭ್ಯಾಸ 5. ನಾಸದೀಯದ ಕೊನೆಯ ಋಕ್ಕು ಇಲ್ಲದಿದ್ದರೆ ಸೂಕ್ತದ ಅರ್ಥ ಹೇಗೆ ಬದಲಾಗುತ್ತಿತ್ತು?

ಅಭ್ಯಾಸ 6. ಸಮಾಜವನ್ನು ಒಂದು ದೇಹಕ್ಕೆ ಹೋಲಿಸುವುದರಿಂದ ಯಾವ ಮಾತು ಹೇಳಲು ಸುಲಭವಾಗುತ್ತದೆ, ಯಾವ ಪ್ರಶ್ನೆ ಕೇಳಲು ಕಷ್ಟವಾಗುತ್ತದೆ? ಮೇಲುಕೀಳಿಲ್ಲದ ಸಮಾಜವನ್ನು ತೋರಿಸುವ ಬೇರೊಂದು ಹೋಲಿಕೆಯನ್ನು ನೀವೇ ಕಟ್ಟಿ, ಅದರ ದೌರ್ಬಲ್ಯವನ್ನೂ ಗುರುತಿಸಿ.

4. ಸೃಷ್ಟಿಕರ್ತನಿಲ್ಲದ ಆರಂಭ

ಜೈನರ ಪ್ರಕಾರ ಲೋಕಕ್ಕೆ ಆದಿಯಿಲ್ಲ, ಅದನ್ನು ಮಾಡಿದವರೂ ಇಲ್ಲ. ರಾಷ್ಟ್ರಕೂಟರ ಅಮೋಘವರ್ಷನ ಕಾಲದಲ್ಲಿದ್ದ ಜಿನಸೇನಾಚಾರ್ಯರು ತಮ್ಮ ಸಂಸ್ಕೃತ ಪುರಾಣದಲ್ಲಿ ಕೇಳುವ ಪ್ರಶ್ನೆಗಳು ನೇರವಾಗಿವೆ: ಸೃಷ್ಟಿಗೆ ಮೊದಲು ಆ ಕರ್ತೃ ಎಲ್ಲಿದ್ದನು? ಯಾವ ಸಾಮಗ್ರಿಯಿಂದ ಮಾಡಿದನು? ಕೃತಕೃತ್ಯನಾದವನಿಗೆ ಮಾಡುವ ಇಚ್ಛೆ ಹೇಗೆ ಹುಟ್ಟಿತು? ಅದೇ ಪುರಾಣವನ್ನು ಆಧರಿಸಿ ಪಂಪನು 941ರಲ್ಲಿ ಕನ್ನಡದಲ್ಲಿ ಆದಿಪುರಾಣವನ್ನು ಬರೆದನು. ಅಲ್ಲಿರುವ ಆದಿ ಲೋಕದ್ದಲ್ಲ, ದುಡಿಮೆಯದ್ದು. ಬೇಡಿದ್ದನ್ನು ಕೊಡುತ್ತಿದ್ದ ಕಲ್ಪವೃಕ್ಷಗಳು ಇಲ್ಲವಾದಾಗ ಕಂಗೆಟ್ಟ ಪ್ರಜೆಗಳಿಗೆ ಮೊದಲ ತೀರ್ಥಂಕರನಾದ ಆದಿದೇವನು ಅಸಿ ಎಂಬ ಆಯುಧವಿದ್ಯೆ, ಮಸಿ ಎಂಬ ಬರವಣಿಗೆ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳನ್ನು ಕಲಿಸುತ್ತಾನೆ. ಬ್ಯಾಬಿಲೋನಿನಲ್ಲಿ ದುಡಿಮೆ ಹೇರಲ್ಪಟ್ಟ ಹೊರೆ. ಇಲ್ಲಿ ಅದು ಹಸಿದವರು ಕಲಿತ ವಿದ್ಯೆ.

ಅಭ್ಯಾಸ 7. ಸೃಷ್ಟಿಕರ್ತನಿಲ್ಲದ ಲೋಕದಲ್ಲಿ ಒಳಿತು ಕೆಡುಕುಗಳ ಹೊಣೆ ಯಾರದು? ಜೈನ ಕರ್ಮಸಿದ್ಧಾಂತ ನೀಡುವ ಉತ್ತರವನ್ನು ಗ್ರಂಥಾಲಯದಲ್ಲಿ ಓದಿ ತಿಳಿದು ಒಂದು ಪುಟ ಬರೆಯಿರಿ.

5. ಮನೆಗೆಲಸ

ಮಂಟೇಸ್ವಾಮಿ ಮತ್ತು ಮಲೆಯ ಮಾದೇಶ್ವರರ ಕಥೆಗಳನ್ನು ಹಾಡುವ ನೀಲಗಾರರು ಮತ್ತು ಕಂಸಾಳೆಯವರು, ಆದಿಶಕ್ತಿಯಿಂದ ತ್ರಿಮೂರ್ತಿಗಳು ಹುಟ್ಟಿದರೆಂಬ ಕಥೆ ಹೇಳುವ ಅಜ್ಜಿಯರು ಇಂದಿಗೂ ನಮ್ಮ ನಾಡಿನಲ್ಲಿದ್ದಾರೆ. ಮುಂದಿನ ಸೋಮವಾರದೊಳಗೆ ನಿಮ್ಮ ಮನೆಯ ಅಥವಾ ಊರಿನ ಹಿರಿಯರೊಬ್ಬರಿಂದ ‘ಭೂಮಿ ಹೇಗಾಯಿತು, ಮನುಷ್ಯ ಹೇಗಾದ’ ಎಂಬ ಕಥೆಯೊಂದನ್ನು ಕೇಳಿ, ಅವರ ಅನುಮತಿ ಪಡೆದು, ಅವರ ಮಾತಿನ ಧಾಟಿಯಲ್ಲೇ ಬರೆದುಕೊಂಡು ಬನ್ನಿ. ಪುಸ್ತಕದ ಕಥೆಗೆ ಹೊಂದಿಸಲು ಅದನ್ನು ತಿದ್ದಬೇಡಿ. ಕಥೆ ಮುಗಿದ ಮೇಲೆ ಅವರನ್ನು ಒಂದೇ ಪ್ರಶ್ನೆ ಕೇಳಿ: ಇದನ್ನು ನಿಮಗೆ ಯಾರು, ಯಾವ ಸಂದರ್ಭದಲ್ಲಿ ಹೇಳಿದರು? ಆ ಉತ್ತರವನ್ನು ಕಥೆಯ ಕೆಳಗೆ ಬರೆದು, ಈ ಹಾಳೆಯ ಆರಂಭದ ಎರಡು ಪ್ರಶ್ನೆಗಳಿಗೆ ಆ ಕಥೆಯನ್ನು ಆಧರಿಸಿ ಉತ್ತರಿಸಿ. ಕಥೆ ಗೊತ್ತಿಲ್ಲ ಎಂದು ಹಿರಿಯರು ಹೇಳಿದರೆ, ಚಿಕ್ಕಂದಿನಲ್ಲಿ ಅವರು ಇಂಥ ಪ್ರಶ್ನೆಯನ್ನು ಯಾರಿಗಾದರೂ ಕೇಳಿದ್ದರೇ, ಆಗ ಬಂದ ಉತ್ತರವೇನು ಎಂಬುದನ್ನು ಬರೆಯಿರಿ. ಅದಕ್ಕೂ ಅಷ್ಟೇ ಅಂಕಗಳಿವೆ.