ಐದನೇ ನಂಬರಿನ ಮೆಷೀನು

ಚೀಟಿ ಎತ್ತಿದ ದುಡ್ಡಿನಲ್ಲಿ ಅಂಗಡಿ ಬಾಡಿಗೆ, ಮಗಳ ಸ್ಕೂಲ್ ಫೀಸು ಕಳೆದು ಮಂಜುನಾಥನ ಕೈಯಲ್ಲಿ ಉಳಿದದ್ದು 9,500 ರೂಪಾಯಿ. ಹೊಸದುರ್ಗದ ತಾಲ್ಲೂಕು ಕಚೇರಿ ಹತ್ತಿರದ ಸಂದಿಯಲ್ಲಿ ಅವನ ಸೈಬರ್, ಒಳಗೆ ಆರು ಮೆಷೀನು. 2025ರ ಮೇ ಕೊನೆ. ಪಿಯುಸಿಗೆ ಸೇರುವವರು, ಜಾತಿ-ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವವರು ಒಟ್ಟಿಗೇ ಬಂದು ಬೀಳುವ ಹೊತ್ತು. ಭಾನುವಾರ ಶಟರ್ ಅರ್ಧ ಇಳಿಸಿ, ರಿಪೇರಿಯ ಇಮ್ರಾನನನ್ನು ಕರೆಸಿದ್ದ.

"ಮೊದಲು ಐದು, ಆರು ಮಾಡ್ಸ್ರೀ. ಜನ ಬಯ್ಯೋದೆಲ್ಲ ಅವನ್ನೇ," ಅಂದಳು ಸವಿತಾ.

ಅವೆರಡೂ ಅಂಗಡಿ ತೆರೆದಾಗ ತಂದ ಕೋರ್ 2 ಡ್ಯುಯೋಗಳು. ಇಮ್ರಾನ್ ಆರನೆಯದರ ಪಕ್ಕದ ತಗಡು ತೆಗೆದು ರ‍್ಯಾಮ್ ಕಿತ್ತು ತೋರಿಸಿದ. "ಡಿಡಿಆರ್2 ಅಕ್ಕ, ಎರಡು ಜಿಬಿ. ಡಿಡಿಆರ್3 ಇದರಲ್ಲಿ ಕೂರಲ್ಲ, ಕಚ್ಚು ಬೇರೆ ಕಡೆ ಇರುತ್ತೆ. ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿದ್ರೆ ಬೇಗ ಆನ್ ಆಗುತ್ತೆ ಅಷ್ಟೇ. ಕ್ರೋಮ್‌ನಲ್ಲಿ ನಾಲ್ಕು ಟ್ಯಾಬ್ ತೆಗೆದ್ರೆ ಮತ್ತದೇ ಕಥೆ."

ಮಂಜುನಾಥ ದಿನದ ಲೆಕ್ಕದ ನೋಟ್‌ಬುಕ್ ಬಿಡಿಸಿದ. ಅರ್ಜಿ, ಪ್ರಿಂಟು, ಬೆರಳಚ್ಚು ಎಲ್ಲ ಕೌಂಟರಿನ ಒಂದನೇ ನಂಬರಿನಲ್ಲೇ. ಅದು ತುಂಬಿದಾಗ ಎರಡು, ಮೂರು. ಐದರಲ್ಲಿ ಟೈಪಿಂಗ್ ಪರೀಕ್ಷೆಗೆ ನುಡಿ ತಂತ್ರಾಂಶದಲ್ಲಿ ಕೈ ಪಳಗಿಸುವ ಹುಡುಗಿಯರು ಕೂರುತ್ತಾರೆ. ಅವರಿಗೆ ನೆಟ್ಟೇ ಬೇಡ.

ಒಂದನೆಯದನ್ನು ಆನ್ ಮಾಡಿ ಮೊಬೈಲಿನಲ್ಲಿ ಸಮಯ ಹಿಡಿದರು. ಅರ್ಜಿಯ ಪುಟ ಬರುವಷ್ಟರಲ್ಲಿ 4 ನಿಮಿಷ 40 ಸೆಕೆಂಡ್. ಟಾಸ್ಕ್ ಮ್ಯಾನೇಜರಿನಲ್ಲಿ ಪ್ರೊಸೆಸರ್ 20 ಪರ್ಸೆಂಟೂ ಇಲ್ಲ, ಡಿಸ್ಕ್ ಮಾತ್ರ 100ಕ್ಕೆ ಅಂಟಿಕೊಂಡಿತ್ತು.

"ನಾಲ್ಕನೇ ಜೆನರೇಷನ್ ಐ3. ಇದಕ್ಕೇನೂ ರೋಗ ಇಲ್ಲ ಅಣ್ಣ, ಹಾರ್ಡ್ ಡಿಸ್ಕೇ ಸುಸ್ತು."

ಎರಡು, ಮೂರು, ನಾಲ್ಕನೇ ನಂಬರಿನವು ಮೂರನೇ ಜೆನರೇಷನ್ನಿನವು, ಎಚ್61 ಬೋರ್ಡು. ಅದರಲ್ಲಿ ಡಿಸ್ಕ್ ಜೋಡಿಸುವ ಸಾಟಾ ಪೋರ್ಟು 3 ಗಿಗಾಬಿಟ್ಟಿನದು, ಎಸ್‌ಎಸ್‌ಡಿ ಪೂರ್ತಿ ವೇಗದಲ್ಲಿ ಓಡುವುದಿಲ್ಲ. ಆದರೆ ಚೂರುಪಾರು ಫೈಲುಗಳನ್ನು ಹುಡುಕುವುದರಲ್ಲೇ ಹಳೇ ಡಿಸ್ಕ್ ಏದುಸಿರು ಬಿಡುವುದು, ಹಾಗಾಗಿ ಸೈಬರಿಗೆ ಅಷ್ಟು ವೇಗ ಧಾರಾಳ ಸಾಕು. ಎರಡನೆಯದರ ಡಿಸ್ಕಿನಲ್ಲಿ ಕೆಟ್ಟ ಸೆಕ್ಟರುಗಳು ಏರುತ್ತಿದ್ದವು. ನಾಲ್ಕನೆಯದರ ಬೋರ್ಡಿನಲ್ಲಿ ಪ್ರೊಸೆಸರ್ ಪಕ್ಕದ ಮೂರು ಕೆಪಾಸಿಟರ್ ತಲೆ ಉಬ್ಬಿಸಿಕೊಂಡಿದ್ದವು.

"ನಾಲ್ಕಕ್ಕೆ ಒಂದು ಪೈಸೆ ಬೇಡ," ಮಂಜುನಾಥನೇ ಹೇಳಿಬಿಟ್ಟ. "ಹೋಗೋವರೆಗೂ ಓಡಲಿ."

ಮೂರನೆಯದು ಕೆಲಸದ ನಡುವೆ ತಾನಾಗಿ ರೀಸ್ಟಾರ್ಟ್ ಆಗುತ್ತಿತ್ತು. ಮಲ್ಟಿಮೀಟರಿನ ಕಪ್ಪು ಕಡ್ಡಿ ಕಪ್ಪು ವೈರಿಗೆ, ಕೆಂಪು ಕಡ್ಡಿ ಹಳದಿ ವೈರಿಗೆ, 11.1 ವೋಲ್ಟ್. 11.4ಕ್ಕಿಂತ ಇಳಿಯಬಾರದು. ಆರನೆಯದರಲ್ಲಿ ಕರೆಂಟು ಕೊಡುವ ಪೆಟ್ಟಿಗೆ, ಎಸ್‌ಎಂಪಿಎಸ್, 12.05 ತೋರಿಸಿತು. ಅದನ್ನೇ ಬಿಚ್ಚಿ ಮೂರಕ್ಕೆ ಕಟ್ಟಿದರು. ಹೊಸದಕ್ಕೆ ಎತ್ತಿಟ್ಟಿದ್ದ 750 ಉಳಿಯಿತು, ಆರನೇ ನಂಬರು ಅಲ್ಲಿಗೆ ಮುಗಿಯಿತು.

256 ಜಿಬಿ ಎಸ್‌ಎಸ್‌ಡಿ ಮೂರು, 1,650ರಂತೆ 4,950. ಹಳೇ 4 ಜಿಬಿ ಡಿಡಿಆರ್3 ಮೂರು, 450ರಂತೆ 1,350. ಬೋರ್ಡಿನ ಬ್ಯಾಟರಿ ಮೂರು, 90. ಈ ಮೂವತ್ತು ರೂಪಾಯಿ ಬ್ಯಾಟರಿ ಸತ್ತು ತಾರೀಕು ಹಿಂದಕ್ಕೆ ಹೋಗಿದ್ದಕ್ಕೇ ಎರಡನೆಯದರಲ್ಲಿ ಬೆಳಿಗ್ಗೆ ಬೆಳಿಗ್ಗೆ `NET::ERR_CERT_DATE_INVALID` ಬರುತ್ತಿದ್ದದ್ದು. ನೆಟ್ ಸರಿಯಿಲ್ಲ ಅಂತ ಅವನು ಕೇಬಲ್ಲಿನ ಹುಡುಗನಿಗೆ ಎಷ್ಟು ಸಲ ಫೋನ್ ಮಾಡಿದ್ದನೋ.

"ವಿಂಡೋಸ್ 10ರ ಅಪ್‌ಡೇಟ್ ಅಕ್ಟೋಬರ್ 14ಕ್ಕೆ ನಿಲ್ಲುತ್ತಂತಲ್ಲ?" ಸವಿತಾ ಕೇಳಿದಳು.

"ಹೌದಕ್ಕ. 11ಕ್ಕೆ ಇಂಟೆಲ್‌ನಲ್ಲಿ ಎಂಟನೇ ಜೆನರೇಷನ್ನಾದ್ರೂ ಬೇಕು. ಸೆಕೆಂಡ್ ಹ್ಯಾಂಡೇ ಹದಿಮೂರು ಸಾವಿರದ ಮೇಲೆ. ಈಗ ತಗೊಳ್ಳೋ ಎಸ್‌ಎಸ್‌ಡಿ ಆವಾಗ ಅದಕ್ಕೂ ಬರುತ್ತೆ. ಈ ರ‍್ಯಾಮ್ ಬರಲ್ಲ."

ಎರಡನೆಯದಕ್ಕೆ ರ‍್ಯಾಮ್ ಹಾಕಿ ಆನ್ ಮಾಡಿದರೆ ಬರೀ ಬೀಪು. ಹಲ್ಲುಗಳನ್ನು ರಬ್ಬರಿನಲ್ಲಿ ಉಜ್ಜಿ ಹಾಕಿದರೂ ಅಷ್ಟೇ. ಇಮ್ರಾನ್ ಚಿಪ್ ಮೇಲಿನ ನಂಬರು ಓದಿ ನಾಲಗೆ ಕಚ್ಚಿಕೊಂಡ. "ಎಎಂಡಿ ಬೋರ್ಡಿಗೆ ಮಾತ್ರ ಆಗೋ ಸರಕು ಇದು. ಇಂಟೆಲ್ ಒಪ್ಪಲ್ಲ." ಅಂಗಡಿಗೆ ಹೋಗಿ ಬೇರೆ ತಂದ.

500 ಜಿಬಿ ಡಿಸ್ಕನ್ನು ಹಾಗೇ ನಕಲು ಮಾಡುವ ಗೋಜಿಗೆ ಹೋಗಲಿಲ್ಲ. ಫೈಲು ಬೇರೆಡೆ ತೆಗೆದಿಟ್ಟು, ಬಯಾಸಿನಲ್ಲಿ ಸಾಟಾ ಮೋಡ್ `AHCI` ಇರುವುದನ್ನು ನೋಡಿಕೊಂಡು, ವಿಂಡೋಸ್ ಹೊಸದಾಗಿ ಹಾಕಿದರು. ಪ್ರಿಂಟರು, ಬೆರಳಚ್ಚಿನ ಡ್ರೈವರಿಗೇ ಒಂದೂವರೆ ಗಂಟೆ ಹೋಯಿತು. ಆಮೇಲೆ ಅದೇ ಅರ್ಜಿಯ ಪುಟ 38 ಸೆಕೆಂಡಿಗೆ ಬಂತು.

ಉಳಿದ 3,110ರಲ್ಲಿ ಸಾವಿರ ಕೌಂಟರಿನ ಯುಪಿಎಸ್ ಬ್ಯಾಟರಿಗೆ ಹೋಯಿತು. ಫೀಸು ಕಟ್ಟುವಾಗಲೇ ಕರೆಂಟು ಹೋದರೆ ಆ ಗಿರಾಕಿಯನ್ನು ಸಮಾಧಾನ ಮಾಡುವುದು ಯಾರು? 2,110ನ್ನು ಸವಿತಾ ಲಕೋಟೆಗೆ ಹಾಕಿ ಮೇಲೆ "ಅಕ್ಟೋಬರ್" ಅಂತ ಬರೆದಳು.

ಸೋಮವಾರ ಟೈಪಿಂಗ್ ಹುಡುಗಿ ಬಂದು ಐದನೆಯದರ ಮುಂದೆ ಕೂತಳು. ನೆಟ್ ಕೇಬಲ್ ಕಿತ್ತು ಸುತ್ತಿಟ್ಟಿತ್ತು, ಮಾನಿಟರಿನ ಮೇಲೆ "ನುಡಿ ಮಾತ್ರ" ಅಂತ ಚೀಟಿ.

"ಇದನ್ನ ರಿಪೇರಿ ಮಾಡ್ಸಿದ್ರಾ ಅಣ್ಣ?"

"ಆರನೇದರ ಕೀಬೋರ್ಡ್ ಹಾಕಿದೀನಿ, ನೋಡು."

ಅವಳು ಸ್ಪೇಸ್ ಬಾರ್ ಎರಡು ಸಲ ಒತ್ತಿ ನೋಡಿದಳು. ಈ ಸಲ ಅಂಟಲಿಲ್ಲ.