ಉನ್ನತ ವ್ಯಾಸಂಗ ಮತ್ತು ವೀಸಾ ಅರ್ಜಿಗಾಗಿ ನಿರಾಕ್ಷೇಪಣಾ ಪತ್ರ ಕೋರಿ ಮನವಿ

ದಿನಾಂಕ: 2 ಫೆಬ್ರುವರಿ 2026

ಇಂದ:
ಆರ್. ಸುಮಾ
ಹಿರಿಯ ವಿನ್ಯಾಸ ಎಂಜಿನಿಯರ್
ತ್ಯಾಜ್ಯನೀರು ಸಂಸ್ಕರಣಾ ವಿಭಾಗ
ನೌಕರ ಸಂಖ್ಯೆ: 1147

ಗೆ:
ವ್ಯವಸ್ಥಾಪಕರು
ಮಾನವ ಸಂಪನ್ಮೂಲ ವಿಭಾಗ

ಮೂಲಕ:
ಮುಖ್ಯ ಎಂಜಿನಿಯರ್
ತ್ಯಾಜ್ಯನೀರು ಸಂಸ್ಕರಣಾ ವಿಭಾಗ

ವಿಷಯ: ಅರೆಕಾಲಿಕ ಸ್ನಾತಕೋತ್ತರ ವ್ಯಾಸಂಗಕ್ಕೆ ಸೇರಲು ಹಾಗೂ ಅದರ ಭಾಗವಾದ ಐದು ವಾರಗಳ ತರಗತಿಗಾಗಿ ಜರ್ಮನಿಯ ವೀಸಾ ಪಡೆಯಲು ನಿರಾಕ್ಷೇಪಣಾ ಪತ್ರಗಳನ್ನು ನೀಡುವ ಬಗ್ಗೆ.

ಮಾನ್ಯರೇ,

ನಾನು 5 ಆಗಸ್ಟ್ 2019ರಿಂದ ನಮ್ಮ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದು, ಕಳೆದ ಎರಡು ವರ್ಷಗಳಿಂದ ಹಿರಿಯ ವಿನ್ಯಾಸ ಎಂಜಿನಿಯರ್ ಹುದ್ದೆಯಲ್ಲಿದ್ದೇನೆ. ಜರ್ಮನಿಯ ತಾಂತ್ರಿಕ ವಿಶ್ವವಿದ್ಯಾಲಯವೊಂದು ನಡೆಸುವ ಎರಡು ವರ್ಷಗಳ ಅರೆಕಾಲಿಕ ಪರಿಸರ ಎಂಜಿನಿಯರಿಂಗ್ ಸ್ನಾತಕೋತ್ತರ ಪದವಿಗೆ ನಾನು ಆಯ್ಕೆಯಾಗಿದ್ದೇನೆ. ಉದ್ಯೋಗದಲ್ಲಿರುವ ಅಭ್ಯರ್ಥಿಗಳು ತಮ್ಮ ಸಂಸ್ಥೆಯ ನಿರಾಕ್ಷೇಪಣಾ ಪತ್ರವನ್ನು 28 ಫೆಬ್ರುವರಿ 2026ರೊಳಗೆ ಸಲ್ಲಿಸಿದರೆ ಮಾತ್ರ ಪ್ರವೇಶ ಖಚಿತವಾಗುತ್ತದೆ. ಆದ್ದರಿಂದ ವ್ಯಾಸಂಗಕ್ಕೆ ಸಂಬಂಧಿಸಿದ ಪತ್ರವನ್ನು ಫೆಬ್ರುವರಿ 20ರೊಳಗೆ, ವೀಸಾಕ್ಕೆ ಸಂಬಂಧಿಸಿದ ಪತ್ರವನ್ನು ಏಪ್ರಿಲ್ 6ರಿಂದ 10ರ ನಡುವೆ ನೀಡಬೇಕೆಂದು ತಮ್ಮಲ್ಲಿ ವಿನಂತಿಸುತ್ತೇನೆ.

ವ್ಯಾಸಂಗವು ಏಪ್ರಿಲ್ 2026ರಲ್ಲಿ ಆರಂಭವಾಗಿ ಮಾರ್ಚ್ 2028ರಲ್ಲಿ ಮುಗಿಯುತ್ತದೆ. ತರಗತಿಗಳು ಬುಧವಾರ ಸಂಜೆ ಕಚೇರಿಯ ವೇಳೆ ಮುಗಿದ ಮೇಲೆ ಮತ್ತು ಶನಿವಾರ ಅಂತರ್ಜಾಲದ ಮೂಲಕ ನಡೆಯುತ್ತವೆ. ಖುದ್ದಾಗಿ ಹಾಜರಾಗಬೇಕಾದದ್ದು ಒಂದೇ ಬಾರಿ, 8 ಜೂನ್ 2026ರಿಂದ 10 ಜುಲೈ 2026ರವರೆಗೆ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ನಡೆಯುವ ಐದು ವಾರಗಳ ತರಗತಿಗೆ. ಜೂನ್ 6ರಂದು ಹೊರಟು, ಜುಲೈ 12ರಂದು ಹಿಂದಿರುಗಿ, ಜುಲೈ 13ರ ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹಾಜರಾಗುತ್ತೇನೆ. ಎರಡನೆಯ ವರ್ಷದಲ್ಲಿ ವಿದೇಶಕ್ಕೆ ಹೋಗುವ ಅಗತ್ಯವಿಲ್ಲ.

ಒಂದೇ ಪತ್ರದಲ್ಲಿ ಎರಡೂ ವಿಷಯಗಳನ್ನು ಬರೆದುಕೊಟ್ಟರೆ ಸಾಲದೇ ಎಂಬ ಪ್ರಶ್ನೆ ತಮಗೆ ಬರುವುದು ಸಹಜ. ಬಹಳ ಯೋಚಿಸಿದ ಮೇಲೆಯೇ ನಾನು ಎರಡು ಪತ್ರಗಳನ್ನು ಕೇಳುತ್ತಿದ್ದೇನೆ. ವಿಶ್ವವಿದ್ಯಾಲಯಕ್ಕೆ ಬೇಕಾದದ್ದು, ಎರಡು ವರ್ಷಗಳ ಕಾಲ ನೌಕರಿಯ ಜೊತೆಗೆ ಓದಲು ಸಂಸ್ಥೆಯ ಅಡ್ಡಿಯಿಲ್ಲ ಎಂಬ ಮಾತು. ವೀಸಾ ಅಧಿಕಾರಿಗಳು ನೋಡುವುದು ಬೇರೆಯದನ್ನು: ಅರ್ಜಿದಾರರು ವೀಸಾ ಅವಧಿ ಮುಗಿಯುವ ಮುನ್ನ ತಮ್ಮ ದೇಶಕ್ಕೆ ಮರಳುತ್ತಾರೆಯೇ ಎಂಬುದನ್ನು. ಆ ಬಗ್ಗೆ ಸಮಂಜಸವಾದ ಅನುಮಾನವಿದ್ದರೆ ಷೆಂಗೆನ್ ವೀಸಾ ನಿರಾಕರಿಸಲು ನಿಯಮದಲ್ಲೇ ಅವಕಾಶವಿದೆ. ನಾನು ಅರ್ಜಿ ಹಾಕುತ್ತಿರುವುದು 180 ದಿನಗಳಲ್ಲಿ ಗರಿಷ್ಠ 90 ದಿನಗಳ ವಾಸಕ್ಕೆ ಅವಕಾಶ ಕೊಡುವ ಅಲ್ಪಾವಧಿ ವೀಸಾಕ್ಕೆ, ನಾನು ಅಲ್ಲಿರುವುದು 37 ದಿನ ಮಾತ್ರ. ಹೀಗಿರುವಾಗ ವೀಸಾ ಕಡತದ ಪತ್ರದಲ್ಲಿ ‘ಎರಡು ವರ್ಷಗಳ ವ್ಯಾಸಂಗ’ ಎಂಬ ಮಾತೇ ಮುಖ್ಯವಾಗಿ ಕಂಡರೆ, ನಾನು ಎರಡು ವರ್ಷ ಅಲ್ಲಿಯೇ ಉಳಿಯಲು ಹೊರಟಿರುವೆನೆಂಬ ತಪ್ಪು ತಿಳಿವಳಿಕೆಗೆ ದಾರಿಯಾಗಬಹುದು. ಆ ಪತ್ರದಲ್ಲಿ ಹುದ್ದೆ, ಸೇವಾವಧಿ, ವೇತನ, ಮಂಜೂರಾದ ರಜೆಯ ದಿನಾಂಕಗಳು ಮತ್ತು ಕೆಲಸಕ್ಕೆ ಮರಳುವ ದಿನಾಂಕ ಸ್ಪಷ್ಟವಾಗಿರಬೇಕು.

ದಿನಾಂಕಗಳ ಬಗ್ಗೆ ಒತ್ತಿ ಹೇಳುತ್ತಿರುವುದಕ್ಕೂ ಕಾರಣವಿದೆ. ವೀಸಾ ಕೇಂದ್ರದಲ್ಲಿ ನನಗೆ ಏಪ್ರಿಲ್ 20ಕ್ಕೆ ಭೇಟಿಯ ಸಮಯ ದೊರೆತಿದೆ. ಅರ್ಜಿಯ ಬಗ್ಗೆ ಸಾಮಾನ್ಯವಾಗಿ 15 ದಿನಗಳಲ್ಲಿ ತೀರ್ಮಾನವಾಗುತ್ತದೆಯಾದರೂ, ಹೆಚ್ಚಿನ ಪರಿಶೀಲನೆ ಬೇಕಾದಾಗ ಅದು 45 ದಿನಗಳವರೆಗೂ ಹೋಗಬಹುದು. ಹಾಗಾದರೆ ಜೂನ್ 4ರವರೆಗೆ ಕಾಯಬೇಕಾಗುತ್ತದೆ, ಪ್ರಯಾಣಕ್ಕೆ ಉಳಿಯುವುದು ಎರಡೇ ದಿನ. ಪತ್ರ ತಡವಾಗಿ ಭೇಟಿಯನ್ನು ಮುಂದೂಡಿದರೆ ಆ ಎರಡು ದಿನವೂ ಕೈತಪ್ಪುತ್ತದೆ. ಈಗಲೇ ಎರಡೂ ಪತ್ರಗಳನ್ನು ಕೇಳದೆ ವೀಸಾ ಪತ್ರವನ್ನು ಏಪ್ರಿಲ್‌ನಲ್ಲಿ ಕೇಳುತ್ತಿರುವುದು, ಅದು ಜನವರಿಯಿಂದ ಮಾರ್ಚ್‌ವರೆಗಿನ ವೇತನ ಚೀಟಿಗಳ ಜೊತೆ ಹೊಂದಿಕೆಯಾಗಲಿ ಮತ್ತು ಇತ್ತೀಚಿನ ದಿನಾಂಕ ಹೊಂದಿರಲಿ ಎಂಬ ಉದ್ದೇಶದಿಂದ.

ಹೆಸರಿನ ವಿಚಾರವಾಗಿ ತಮ್ಮ ವಿಶೇಷ ಗಮನ ಬೇಡುತ್ತೇನೆ. ಕಚೇರಿಯ ದಾಖಲೆಗಳಲ್ಲಿ ನನ್ನ ಹೆಸರು ‘ಆರ್. ಸುಮಾ’ ಎಂದಿದೆ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ, ತಂದೆಯ ಹೆಸರು ಸೇರಿಸಿ ‘ಸುಮಾ ರಾಮಚಂದ್ರ’ ಎಂದು ನಮೂದಾಗಿದೆ. ಪತ್ರದಲ್ಲಿ ಒಂದು, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಇದ್ದರೆ ಇಬ್ಬರೂ ಒಬ್ಬರೇ ಎಂದು ಸಾಬೀತುಪಡಿಸುವ ಹೊರೆ ನನ್ನ ಮೇಲೆ ಬೀಳುತ್ತದೆ. ಆದ್ದರಿಂದ ಎರಡೂ ಪತ್ರಗಳಲ್ಲಿ ಪಾಸ್‌ಪೋರ್ಟಿನ ಹೆಸರನ್ನೇ ಬರೆದು, ಕಚೇರಿ ದಾಖಲೆಯ ಹೆಸರನ್ನೂ ಪಕ್ಕದಲ್ಲಿ ಸೂಚಿಸಬೇಕೆಂದು ಕೋರುತ್ತೇನೆ.

ಇಷ್ಟು ವಿವರವಾಗಿ ಬರೆಯಲು ಹಿಂದಿನ ಅನುಭವವೇ ಕಾರಣ. 2024ರಲ್ಲಿ ಬೇರೊಂದು ವ್ಯಾಸಂಗಕ್ಕೆ ಅರ್ಜಿ ಹಾಕಿದಾಗ ನಾನು ಕೇವಲ ನಾಲ್ಕು ದಿನ ಮೊದಲು, ಏನು ಬೇಕೆಂದು ಸರಿಯಾಗಿ ತಿಳಿಸದೆ ನಿರಾಕ್ಷೇಪಣಾ ಪತ್ರ ಕೇಳಿದ್ದೆ. ಕಚೇರಿಯವರು ಅವಸರದಲ್ಲಿಯೂ ಪತ್ರ ಮಾಡಿಕೊಟ್ಟರು. ಅದರಲ್ಲಿ ಹುದ್ದೆಯಾಗಲಿ ಸೇವೆಗೆ ಸೇರಿದ ದಿನಾಂಕವಾಗಲಿ ಇರಲಿಲ್ಲವೆಂದು ಅಲ್ಲಿಂದ ಹಿಂದಿರುಗಿಸಿದರು, ತಿದ್ದಿದ ಪತ್ರ ಸಿದ್ಧವಾಗುವಷ್ಟರಲ್ಲಿ ಪ್ರವೇಶ ಮುಗಿದಿತ್ತು. ಒಂದು ವರ್ಷದ ಸಿದ್ಧತೆ ಒಂದು ಸಾಲಿನ ಕೊರತೆಯಿಂದ ವ್ಯರ್ಥವಾದದ್ದು ನನಗೆ ಇಂದಿಗೂ ನೋವಿನ ಸಂಗತಿ. ಅದು ಮರುಕಳಿಸಬಾರದು.

ಈ ವ್ಯಾಸಂಗ ನಮ್ಮ ಕೆಲಸದಿಂದ ದೂರವಾದದ್ದಲ್ಲ. ನಾವು ವಿನ್ಯಾಸಗೊಳಿಸುವ ಸಂಸ್ಕರಣಾ ಘಟಕಗಳಲ್ಲಿ ವಿದ್ಯುತ್ತಿನ ದೊಡ್ಡ ಪಾಲು ಖರ್ಚಾಗುವುದು ತೊಟ್ಟಿಗಳಿಗೆ ಗಾಳಿ ಊದುವುದಕ್ಕೆ. ಅಮೋನಿಯಾವನ್ನು ನೈಟ್ರೇಟ್ ಆಗಿ ಮಾರ್ಪಡಿಸುವ ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕ ಬೇಕು, ಆ ನೈಟ್ರೇಟನ್ನು ಸಾರಜನಕ ಅನಿಲವಾಗಿಸುವ ಹಂತದಲ್ಲಿ ಆಮ್ಲಜನಕ ಇರಬಾರದು. ಈ ಎರಡರ ನಡುವಿನ ಹದ ತಪ್ಪಿದರೆ ಹೊರಬರುವ ನೀರಿನ ಗುಣಮಟ್ಟವೂ ಕೆಡುತ್ತದೆ, ವಿದ್ಯುತ್ತೂ ಪೋಲಾಗುತ್ತದೆ. ನಾವು ಇಂದು ಇದನ್ನು ಬಹುಮಟ್ಟಿಗೆ ಕೈಪಿಡಿಯ ಅಂಕಿಗಳನ್ನು ನಂಬಿ ಲೆಕ್ಕ ಹಾಕುತ್ತಿದ್ದೇವೆ. ಜೂನ್ ತಿಂಗಳ ತರಗತಿಯಲ್ಲಿ ಪ್ರಾಯೋಗಿಕ ಘಟಕವೊಂದನ್ನು ನಾವೇ ನಡೆಸಿ, ಗಾಳಿಯ ಪ್ರಮಾಣವನ್ನು ಬದಲಿಸುತ್ತಾ ಫಲಿತಾಂಶ ಅಳೆಯುವ ಅವಕಾಶವಿದೆ. ಆರೂವರೆ ವರ್ಷ ಕಾಗದದ ಮೇಲೆ ಮಾಡಿದ ಕೆಲಸವನ್ನು ಕಣ್ಣಾರೆ ಕಂಡು ಕಲಿಯಬೇಕೆಂಬುದು ನನ್ನ ಬಹುದಿನಗಳ ಹಂಬಲ.

ವಿಭಾಗದ ಕೆಲಸಕ್ಕೆ ತೊಂದರೆಯಾಗದಂತೆ ಮುಖ್ಯ ಎಂಜಿನಿಯರ್ ಅವರೊಡನೆ ಈಗಾಗಲೇ ಚರ್ಚಿಸಿದ್ದೇನೆ. ನನ್ನ ಹೊಣೆಯಲ್ಲಿರುವ, ದಿನಕ್ಕೆ 10 ದಶಲಕ್ಷ ಲೀಟರ್ ಸಾಮರ್ಥ್ಯದ ಘಟಕದ ವಿನ್ಯಾಸ ಲೆಕ್ಕಗಳನ್ನೂ ನಕ್ಷೆಗಳನ್ನೂ ಮೇ 15ರೊಳಗೆ ಮುಗಿಸಿ ಒಪ್ಪಿಸುತ್ತೇನೆ. ನಾನಿಲ್ಲದ ಅವಧಿಯಲ್ಲಿ ಗ್ರಾಹಕರ ಪ್ರಶ್ನೆಗಳಿಗೆ ಉತ್ತರಿಸಲು ಸಹೋದ್ಯೋಗಿಯೊಬ್ಬರು ಒಪ್ಪಿದ್ದಾರೆ, ಅವರೊಡನೆ ಮೇ ಕೊನೆಯ ಎರಡು ವಾರ ಕುಳಿತು ಎಲ್ಲ ಕಡತಗಳನ್ನು ವಿವರಿಸುತ್ತೇನೆ. ಬೇಕಾಗಿರುವ ರಜೆ 25 ಕೆಲಸದ ದಿನಗಳು. ಜನವರಿ ಅಂತ್ಯಕ್ಕೆ ನನ್ನ ಖಾತೆಯಲ್ಲಿ 31 ದಿನಗಳ ಗಳಿಕೆ ರಜೆ ಇದ್ದು, ರಜೆ ಅರ್ಜಿಯನ್ನು ಇದರೊಂದಿಗೆ ಪ್ರತ್ಯೇಕವಾಗಿ ಸಲ್ಲಿಸಿದ್ದೇನೆ. ನಿರಾಕ್ಷೇಪಣಾ ಪತ್ರ ಕೊಟ್ಟ ಮಾತ್ರಕ್ಕೆ ರಜೆ ಮಂಜೂರಾದಂತೆ ಆಗುವುದಿಲ್ಲ ಎಂಬುದನ್ನು ನಾನು ಬಲ್ಲೆ. ಶುಲ್ಕ, ಪ್ರಯಾಣ, ವಸತಿ ಮತ್ತು ಷೆಂಗೆನ್ ನಿಯಮದಂತೆ ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವೈದ್ಯಕೀಯ ವಿಮೆ, ಇವೆಲ್ಲದರ ವೆಚ್ಚ ನನ್ನದೇ. ಸಂಸ್ಥೆಯ ಮೇಲೆ ಹಣಕಾಸಿನ ಹೊಣೆ ಯಾವುದೂ ಬರುವುದಿಲ್ಲ.

ಇಂಥ ಪತ್ರ ಪಡೆದವರು ಕೆಲವೇ ದಿನಗಳಲ್ಲಿ ಕೆಲಸ ಬಿಟ್ಟು ಹೋಗುವರೆಂಬ ಆತಂಕ ಯಾವ ಸಂಸ್ಥೆಗಾದರೂ ಇರುತ್ತದೆ. ಅದನ್ನು ಮಾತಿನಲ್ಲಷ್ಟೇ ನಿವಾರಿಸಲು ನಾನು ಬಯಸುವುದಿಲ್ಲ. ವ್ಯಾಸಂಗ ಮುಗಿದ ನಂತರ ಕನಿಷ್ಠ ಒಂದು ವರ್ಷ ಸೇವೆಯಲ್ಲಿ ಮುಂದುವರಿಯುವುದಾಗಿ ಮುಚ್ಚಳಿಕೆ ಪತ್ರ ಬರೆದುಕೊಡಲು ಸಿದ್ಧಳಿದ್ದೇನೆ. ಸಂಸ್ಥೆಯ ಅಥವಾ ಗ್ರಾಹಕರ ಯಾವುದೇ ಅಂಕಿಅಂಶವನ್ನು ಲಿಖಿತ ಅನುಮತಿಯಿಲ್ಲದೆ ನನ್ನ ಪ್ರಬಂಧದಲ್ಲಿ ಬಳಸುವುದಿಲ್ಲವೆಂದೂ ಅದರಲ್ಲಿಯೇ ಸೇರಿಸುತ್ತೇನೆ. ಯಾವುದೇ ಕಾರಣಕ್ಕೆ ಪತ್ರ ನೀಡಲು ಸಾಧ್ಯವಿಲ್ಲವೆಂದು ತಾವು ತೀರ್ಮಾನಿಸಿದರೆ, ಅಥವಾ ಷರತ್ತುಗಳನ್ನು ಸೇರಿಸಬೇಕೆನಿಸಿದರೆ, ದಯವಿಟ್ಟು ಫೆಬ್ರುವರಿ 13ರೊಳಗೆ ತಿಳಿಸಿ. ಆಗ ತಮ್ಮನ್ನು ಭೇಟಿಯಾಗಿ ಚರ್ಚಿಸಲು ಸಮಯ ಉಳಿಯುತ್ತದೆ.

ಪ್ರವೇಶ ಪತ್ರ, ತರಗತಿಗಳ ವೇಳಾಪಟ್ಟಿ, ಪಾಸ್‌ಪೋರ್ಟಿನ ಮೊದಲ ಪುಟದ ಪ್ರತಿ, ವೀಸಾ ಕೇಂದ್ರದ ಭೇಟಿಯ ದೃಢೀಕರಣ ಮತ್ತು ರಜೆ ಅರ್ಜಿಯನ್ನು ಲಗತ್ತಿಸಿದ್ದೇನೆ. ತಮ್ಮ ಕೆಲಸ ಹಗುರವಾಗಲೆಂದು ಎರಡೂ ಪತ್ರಗಳ ಇಂಗ್ಲಿಷ್ ಕರಡುಗಳನ್ನೂ ಇಟ್ಟಿದ್ದು, ಅವುಗಳ ಕನ್ನಡ ಪಾಠ ಕೆಳಗಿದೆ. ತಮಗೆ ಸೂಕ್ತವೆನಿಸಿದಂತೆ ಅವನ್ನು ತಿದ್ದಬಹುದು. ಪತ್ರಗಳು ಸಂಸ್ಥೆಯ ಲೆಟರ್‌ಹೆಡ್‌ನಲ್ಲಿದ್ದು, ಸಹಿ ಮಾಡಿದವರ ಹೆಸರು, ಹುದ್ದೆ, ಮೊಹರು ಮತ್ತು ವಿಚಾರಣೆಗೆ ಕಚೇರಿಯ ದೂರವಾಣಿ ಸಂಖ್ಯೆ ಇರುವಂತೆ ನೋಡಿಕೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಆರ್. ಸುಮಾ

ಕರಡು 1: ವಿಶ್ವವಿದ್ಯಾಲಯಕ್ಕೆ

ನಮ್ಮ ಸಂಸ್ಥೆಯಲ್ಲಿ 5 ಆಗಸ್ಟ್ 2019ರಿಂದ ಕಾಯಂ ನೌಕರರಾಗಿದ್ದು, ಪ್ರಸ್ತುತ ಹಿರಿಯ ವಿನ್ಯಾಸ ಎಂಜಿನಿಯರ್ ಹುದ್ದೆಯಲ್ಲಿರುವ ಶ್ರೀಮತಿ ಸುಮಾ ರಾಮಚಂದ್ರ (ಕಚೇರಿ ದಾಖಲೆಗಳಲ್ಲಿ ಆರ್. ಸುಮಾ, ನೌಕರ ಸಂಖ್ಯೆ 1147) ಅವರು ಏಪ್ರಿಲ್ 2026ರಿಂದ ಮಾರ್ಚ್ 2028ರವರೆಗೆ ತಮ್ಮ ವಿಶ್ವವಿದ್ಯಾಲಯದ ಅರೆಕಾಲಿಕ ಪರಿಸರ ಎಂಜಿನಿಯರಿಂಗ್ ಸ್ನಾತಕೋತ್ತರ ವ್ಯಾಸಂಗ ಮಾಡಲು ಸಂಸ್ಥೆಯ ಆಕ್ಷೇಪಣೆ ಇರುವುದಿಲ್ಲ. ಅವರು ವ್ಯಾಸಂಗದ ಅವಧಿಯಲ್ಲಿ ನಮ್ಮ ಸೇವೆಯಲ್ಲಿ ಮುಂದುವರಿಯುತ್ತಾರೆ. ವ್ಯಾಸಂಗದ ವೆಚ್ಚವನ್ನು ಅವರೇ ಭರಿಸುತ್ತಾರೆ.

ಕರಡು 2: ವೀಸಾ ಅಧಿಕಾರಿಗಳಿಗೆ

ಶ್ರೀಮತಿ ಸುಮಾ ರಾಮಚಂದ್ರ (ಕಚೇರಿ ದಾಖಲೆಗಳಲ್ಲಿ ಆರ್. ಸುಮಾ) ಅವರು 5 ಆಗಸ್ಟ್ 2019ರಿಂದ ನಮ್ಮ ಸಂಸ್ಥೆಯ ಕಾಯಂ ನೌಕರರಾಗಿದ್ದು, ಪ್ರಸ್ತುತ ಹಿರಿಯ ವಿನ್ಯಾಸ ಎಂಜಿನಿಯರ್ ಹುದ್ದೆಯಲ್ಲಿದ್ದಾರೆ. ಅವರ ವೇತನದ ವಿವರ ಲಗತ್ತಿಸಿದ ಜನವರಿ, ಫೆಬ್ರುವರಿ ಮತ್ತು ಮಾರ್ಚ್ 2026ರ ವೇತನ ಚೀಟಿಗಳಲ್ಲಿರುವಂತೆ ಸರಿಯಾಗಿದೆ. ಜರ್ಮನಿಯಲ್ಲಿ ನಡೆಯುವ ಐದು ವಾರಗಳ ತರಗತಿಗೆ ಹಾಜರಾಗಲು ಅವರಿಗೆ 8 ಜೂನ್ 2026ರಿಂದ 10 ಜುಲೈ 2026ರವರೆಗೆ ವೇತನಸಹಿತ ಗಳಿಕೆ ರಜೆ ಮಂಜೂರಾಗಿದೆ. ಜೂನ್ 6ರಿಂದ ಜುಲೈ 12ರವರೆಗಿನ ಅವರ ಪ್ರಯಾಣಕ್ಕೆ ಸಂಸ್ಥೆಯ ಆಕ್ಷೇಪಣೆ ಇರುವುದಿಲ್ಲ. ಅವರು 13 ಜುಲೈ 2026ರಂದು ತಮ್ಮ ಹುದ್ದೆಗೆ ಮರಳಬೇಕಿದ್ದು, ಆ ಹುದ್ದೆಯನ್ನು ಅವರಿಗಾಗಿಯೇ ಉಳಿಸಿಕೊಳ್ಳಲಾಗಿದೆ.