ಟೈಟ್ರೇಶನ್ ಪಾಠದ ವಿಡಿಯೊ: ಶೂಟಿಂಗ್‌ಗೆ ಮುಂಚಿನ ಯೋಜನೆ

ಯಾರಿಗೆ: ಪಾಠ ಮಾಡುವ ಮೇಡಂ, ಕ್ಯಾಮೆರಾ, ಎಡಿಟಿಂಗ್, ಕ್ಯಾಪ್ಶನ್ ತಂಡ
ಪಾಠ: ಬಿ.ಎಸ್‌ಸಿ. ಮೊದಲ ವರ್ಷದ ಪ್ರಾಯೋಗಿಕ, ಆಮ್ಲ–ಪ್ರತ್ಯಾಮ್ಲ ಟೈಟ್ರೇಶನ್, ಸುಮಾರು 12 ನಿಮಿಷ
ಶೂಟಿಂಗ್: ಶುಕ್ರವಾರ ಬೆಳಿಗ್ಗೆ 10:30, ರಸಾಯನಶಾಸ್ತ್ರ ಲ್ಯಾಬ್

ಈ ಪಾಠದ ಜೀವ ಇರುವುದೇ ಬಣ್ಣದಲ್ಲಿ. ಕಣ್ಣು ಕಾಣದ ವಿದ್ಯಾರ್ಥಿಗೆ ಬಣ್ಣ ಬಂದದ್ದು ಗೊತ್ತಾಗಬೇಕು. ಕಿವಿ ಕೇಳದವರಿಗೆ ಮೇಡಂ ಆ ಹೊತ್ತಿಗೆ ಏನಂದರು ಅನ್ನುವುದು ಗೊತ್ತಾಗಬೇಕು. ಇದನ್ನು ಎಡಿಟಿಂಗ್‌ನಲ್ಲಿ ತೇಪೆ ಹಾಕಿ ಸರಿಮಾಡಲು ಆಗುವುದಿಲ್ಲ. ಶೂಟಿಂಗ್ ದಿನವೇ ಆಗಬೇಕು.

ಮೇಡಂ ಮಾತು

"ಇಲ್ನೋಡಿ, ಬಂತು", "ಇದನ್ನ ಇಷ್ಟು ಹಾಕಿ" ಅನ್ನುವ ಮಾತುಗಳು ಕ್ಲಾಸಿನಲ್ಲಿ ನಡೆಯುತ್ತವೆ, ವಿಡಿಯೊದಲ್ಲಿ ನಡೆಯುವುದಿಲ್ಲ. ಮೇಡಂ, ಕೈ ಮಾಡುವುದನ್ನು ಬಾಯಿ ಹೇಳಲಿ: "ಪಿಪೆಟ್‌ನಿಂದ 10 mL HCl ಫ್ಲಾಸ್ಕಿಗೆ ಬಿಡ್ತಿದೀನಿ. ಎರಡು ಹನಿ ಫಿನಾಫ್ತಲೀನ್ ಹಾಕ್ತೀನಿ, ಬಣ್ಣ ಇನ್ನೂ ಇಲ್ಲ." ಇಷ್ಟಾದರೆ ಪ್ರತ್ಯೇಕ ವಿವರಣೆಯ ಕೆಲಸ ಅರ್ಧ ಮುಗಿದ ಹಾಗೆ. ಬ್ಯುರೆಟ್ ಓದುವಾಗಲೂ ಅಷ್ಟೆ: ಕಣ್ಣನ್ನು ದ್ರವದ ಮಟ್ಟಕ್ಕೆ ತಂದು, ಬಾಗಿದ ಮೇಲ್ಮೈಯ ತಳ ಎಲ್ಲಿದೆಯೋ ಆ ಅಂಕಿಯನ್ನು ಜೋರಾಗಿ ಓದಿ.

ಕ್ಯಾಮೆರಾ ಮತ್ತು ಕ್ಯಾಪ್ಶನ್

ಒಂದು ತೊಂದರೆ ಈಗಲೇ ಕಾಣುತ್ತಿದೆ. ಫ್ಲಾಸ್ಕ್ ಇರುವುದು ಫ್ರೇಮಿನ ಕೆಳಗೆ, ಕ್ಯಾಪ್ಶನ್ ಬರುವುದೂ ಅಲ್ಲೇ. ಗುಲಾಬಿ ಬಂದ ಕ್ಷಣಕ್ಕೆ ಅಕ್ಷರ ಅದನ್ನು ಮುಚ್ಚಿಬಿಡುತ್ತದೆ. ಹಾಗಾಗಿ ಹತ್ತಿರದ ಶಾಟ್‌ಗಳಲ್ಲಿ ಕ್ಯಾಪ್ಶನ್ ಮೇಲೆ ಹೋಗಲಿ:

```
WEBVTT

00:05:12.000 --> 00:05:16.000 line:8%
ಇನ್ಮೇಲೆ ಹನಿ ಹನಿಯಾಗಿ ಬಿಡ್ತೀನಿ.
ಫ್ಲಾಸ್ಕ್ ಅಲುಗಿಸ್ತಾನೇ ಇರ್ಬೇಕು.

00:05:44.000 --> 00:05:48.000 line:8%
ತಿಳಿ ಗುಲಾಬಿ ಬಂತು. ನಿಲ್ಲಿಸಿದೆ.
30 ಸೆಕೆಂಡ್ ಕಾಯೋಣ.
```

ಮೇಡಂ ಆಡುಮಾತನ್ನು ಗ್ರಂಥಭಾಷೆಗೆ ತಿದ್ದಬೇಡಿ. ತುಟಿ ಒಂದು ಹೇಳಿ ಅಕ್ಷರ ಇನ್ನೊಂದು ಹೇಳಿದರೆ ಓದುವವರಿಗೆ ಕಿರಿಕಿರಿ. ಒಂದು ಸಲಕ್ಕೆ ಎರಡೇ ಸಾಲು. ಸಾಲಿನ ಉದ್ದಕ್ಕೆ ಸಾಫ್ಟ್‌ವೇರ್ ಕೊಡುವ ಲೆಕ್ಕ ನಂಬಬೇಡಿ. "ಸ್ಟ್ರಾ" ನಮಗೆ ಒಂದೇ ಅಕ್ಷರ, ಯೂನಿಕೋಡ್‌ನಲ್ಲಿ ಅದು 6. ಕಣ್ಣಿಂದ ನೋಡಿ, ಅರ್ಥ ತುಂಡಾಗದ ಕಡೆ ಸಾಲು ಮುರಿಯಿರಿ. ಸದ್ದುಗಳಲ್ಲಿ ಪಾಠಕ್ಕೆ ಬೇಕಾದ್ದನ್ನು ಮಾತ್ರ ಬರೆಯಿರಿ. ಫ್ಯಾನ್ ಸದ್ದು ಯಾರಿಗೂ ಬೇಡ, ಅಲ್ವಾ?

ಧ್ವನಿ ವಿವರಣೆಯ ಸ್ಕ್ರಿಪ್ಟ್

ಮಾತಿನ ನಡುವಿನ ಬಿಡುವಿನಲ್ಲಿ ಬೇರೆ ದನಿಯಲ್ಲಿ ಓದಬೇಕು. ಸಮಯಗಳು ರಿಹರ್ಸಲ್‌ನಿಂದ ತೆಗೆದ ಅಂದಾಜು.

0:04 – ಲ್ಯಾಬಿನ ಮೇಜು. ಸ್ಟ್ಯಾಂಡಿಗೆ ಉದ್ದನೆಯ ಗಾಜಿನ ಬ್ಯುರೆಟ್ ನೆಟ್ಟಗೆ ಸಿಕ್ಕಿಸಿದೆ. ಕೆಳಗೆ ಬಿಳಿ ಟೈಲ್, ಅದರ ಮೇಲೆ ಶಂಕುವಿನಾಕಾರದ ಫ್ಲಾಸ್ಕ್.

2:31 – ಬ್ಯುರೆಟ್ ತುಂಬಿದ ಮೇಲೆ ಮೇಡಂ ಫನೆಲ್ ತೆಗೆದು ಪಕ್ಕಕ್ಕಿಡುತ್ತಾರೆ.

5:17 – ಎಡಗೈ ನಲ್ಲಿಯ ಮೇಲೆ, ಬಲಗೈ ಫ್ಲಾಸ್ಕಿನ ಕೊರಳಲ್ಲಿ. ಹನಿ ಬಿದ್ದ ಕಡೆ ಗುಲಾಬಿ ಮೂಡಿ, ಅಲುಗಿಸಿದೊಡನೆ ಮಾಯವಾಗುತ್ತದೆ.

5:36 – ಈಗ ಗುಲಾಬಿ ಹೋಗಲು ಹೆಚ್ಚು ಹೊತ್ತು ಹಿಡಿಯುತ್ತಿದೆ.

5:50 – ಪೂರ್ತಿ ದ್ರವ ತೀರಾ ತಿಳಿ ಗುಲಾಬಿ.

6:15 – ಬಣ್ಣ ಹಾಗೇ ನಿಂತಿದೆ.

"ಸುಂದರ ಗುಲಾಬಿ" ಎಂದೆಲ್ಲ ಸುಮ್ನೆ ಸೇರಿಸಬೇಡಿ. ಹುಟ್ಟಿನಿಂದ ಕಣ್ಣು ಕಾಣದವರಿಗೂ ಪ್ರಯೋಗಕ್ಕೆ ಬೇಕಾದ ಸಂಗತಿ ಬಣ್ಣ ಎಷ್ಟು ಹೊತ್ತು ನಿಂತಿತು ಎನ್ನುವುದು. ಎಡಿಟಿಂಗ್‌ನವರೇ, ಆ 30 ಸೆಕೆಂಡ್ ಬೋರು ಅಂತ ಕತ್ತರಿಸಬೇಡಿ. ಇಡೀ ವಿಡಿಯೊದಲ್ಲಿ ವಿವರಣೆಗೆ ನೆಮ್ಮದಿಯ ಜಾಗ ಅದೊಂದೇ.

ತೆರೆಯ ಮೇಲಿನ ಅಕ್ಷರ

ಬರುವುದು ನಾಲ್ಕೇ ಫಲಕ: ಶೀರ್ಷಿಕೆ, ಬಳಸಿದ ದ್ರಾವಣಗಳು, ಬ್ಯುರೆಟ್ ಅಂಕಿಗಳು, ಲೆಕ್ಕ. ಲೆಕ್ಕದ ಫಲಕ ಹೀಗಿರಲಿ:

```
NaOH: 0.1 M, 9.8 mL
HCl: 10 mL
M(HCl) = (0.1 × 9.8) / 10 = 0.098 M
```

ಮೇಡಂ ಇದನ್ನು ಸಾಲು ಸಾಲಾಗಿ ಓದುತ್ತಾರೆ. ಓದಿ ಮುಗಿಸಿ ಇನ್ನೂ ಸ್ವಲ್ಪ ಹೊತ್ತು ಫಲಕ ತೆರೆಯಲ್ಲಿರಲಿ. ಗಾಢ ನೀಲಿ ಹಿನ್ನೆಲೆ, ಬಿಳಿ ಅಕ್ಷರ. WCAG ಕೇಳುವುದು ಕನಿಷ್ಠ 4.5:1 ಕಾಂಟ್ರಾಸ್ಟ್, ನಮ್ಮದು ಅದಕ್ಕಿಂತ ಜಾಸ್ತಿಯೇ ಇರಲಿ. ಆಮ್ಲಕ್ಕೆ ಕೆಂಪು, ಪ್ರತ್ಯಾಮ್ಲಕ್ಕೆ ಹಸಿರು ಎಂದು ಬರೀ ಬಣ್ಣದಿಂದ ಗುರುತು ಮಾಡಬೇಡಿ, ಪಕ್ಕದಲ್ಲಿ ಹೆಸರೂ ಬರೆಯಿರಿ. ಫಾಂಟ್ Noto Sans Kannada. ಸಾಲುಗಳ ನಡುವೆ ಇಂಗ್ಲಿಷ್‌ಗಿಂತ ಹೆಚ್ಚು ಜಾಗ ಬೇಕು. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

ವಿಡಿಯೊ ಜೊತೆ ಇಡೀ ಪಾಠದ ಬರಹವನ್ನೂ ಕೊಡುತ್ತೇವೆ, ವಿವರಣೆ ಸೇರಿಸಿ. ಅದು ಯೂನಿಕೋಡ್‌ನಲ್ಲೇ ಇರಬೇಕು. ಹಳೆಯ ಎನ್‌ಕೋಡಿಂಗ್‌ನಲ್ಲಿ ಟೈಪ್ ಮಾಡಿದರೆ ಸ್ಕ್ರೀನ್ ರೀಡರ್ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಓದುತ್ತದೆ.

ಮೊದಲ ಎಡಿಟ್ ಆದಮೇಲೆ ಇಬ್ಬರು ವಿದ್ಯಾರ್ಥಿಗಳು ಪರೀಕ್ಷಿಸುತ್ತಾರೆ: ಕಣ್ಣು ಕಾಣದ ಒಬ್ಬರು, ಕಿವಿ ಕೇಳದ ಒಬ್ಬರು. ಚೆನ್ನಾಗಿದೆಯಾ ಎಂದು ಕೇಳಬೇಡಿ. ಯಾವಾಗ ನಲ್ಲಿ ನಿಲ್ಲಿಸಬೇಕು, ಯಾಕೆ, ಎಂದು ಕೇಳಿ. ಉತ್ತರ ಬರದ ಕಡೆ ಮತ್ತೆ ಶೂಟ್ ಮಾಡೋಣ. ಅದಕ್ಕೆಂದೇ ಮುಂದಿನ ಸೋಮವಾರ ಮಧ್ಯಾಹ್ನ ಲ್ಯಾಬ್ ಕಾದಿರಿಸಿದ್ದೇನೆ.